ಕುದುರೆಯ ಹೆಜ್ಜೆ ಲೆಕ್ಕ



ಕುದುರೆಗೆ ನಾಲ್ಕು ಕಾಲು ಅಂತ ಎಲ್ಲರಿಗೂ ಗೊತ್ತು. ಆದರೆ ಯಾವ ಕಾಲು ಮೊದಲು ನೆಲ ಮುಟ್ಟುತ್ತದೆ, ಯಾವುದು ಆಮೇಲೆ? ಇದನ್ನು ಕಣ್ಣಿನಿಂದ ನೋಡುವುದಕ್ಕಿಂತ ಕಿವಿಯಿಂದ ಕೇಳಿದರೆ ಬೇಗ ತಿಳಿಯುತ್ತದೆ.

1. ನಡಿಗೆ: ಕುದುರೆ ನಿಧಾನ ನಡೆಯುವಾಗ ಮೊದಲು ಎಡ ಹಿಂಗಾಲು, ಆಮೇಲೆ ಎಡ ಮುಂಗಾಲು, ನಂತರ ಬಲ ಹಿಂಗಾಲು, ಕೊನೆಗೆ ಬಲ ಮುಂಗಾಲು ಇಡುತ್ತದೆ. ಟಕ್, ಟಕ್, ಟಕ್, ಟಕ್ ಎಂದು ನಾಲ್ಕು ಸದ್ದು ಒಂದೇ ಸಮನಾಗಿ ಕೇಳುತ್ತವೆ. ಯಾವಾಗಲೂ ಎರಡು ಅಥವಾ ಮೂರು ಕಾಲು ನೆಲದ ಮೇಲೇ ಇರುತ್ತವೆ. ನಮ್ಮ ಎತ್ತುಗಳೂ ಹೀಗೇ ನಡೆಯುತ್ತವೆ.

2. ಕುಕ್ಕುಲೋಟ: ಇದರಲ್ಲಿ ಎಡ ಹಿಂಗಾಲು ಮತ್ತು ಬಲ ಮುಂಗಾಲು ಒಟ್ಟಿಗೆ ಬೀಳುತ್ತವೆ. ಆಮೇಲೆ ಬಲ ಹಿಂಗಾಲು ಮತ್ತು ಎಡ ಮುಂಗಾಲು. ಅದಕ್ಕೇ ಕೇಳುವುದು ಎರಡೇ ಸದ್ದು. ಎರಡರ ನಡುವೆ ಒಂದು ಚೂರು ಹೊತ್ತು ಕುದುರೆ ಗಾಳಿಯಲ್ಲಿರುತ್ತದೆ.

3. ನಾಗಾಲೋಟ: ಅಂದರೆ ನಾಲ್ಕು ಕಾಲಿನ ಓಟ. ಹಿಂಗಾಲು ಎರಡು ಒಂದರ ಹಿಂದೆ ಒಂದು, ಆಮೇಲೆ ಮುಂಗಾಲು ಎರಡು ಒಂದರ ಹಿಂದೆ ಒಂದು ಬೀಳುತ್ತವೆ. ನಾಲ್ಕು ಸದ್ದು ಬೇಗ ಬೇಗ ಕೇಳಿ ನಂತರ ಸದ್ದೇ ಇರಲ್ಲ. ಆಗ ಕುದುರೆಯ ಒಂದು ಕಾಲೂ ನೆಲದ ಮೇಲಿಲ್ಲ! ಹಿಂದಿನ ಚಿತ್ರಕಾರರು ಆ ಹೊತ್ತಿನಲ್ಲಿ ಕಾಲುಗಳನ್ನು ಹಿಂದೆ ಮುಂದೆ ಚಾಚಿದಂತೆ ಬರೆಯುತ್ತಿದ್ದರು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬುವರು ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದರು. ಗಾಳಿಯಲ್ಲಿರುವಾಗ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ ಎಂದು ಅದರಲ್ಲಿ ಕಂಡಿತು.

ಈ ಲೆಕ್ಕದಿಂದ ಏನು ಉಪಯೋಗ? ಕುದುರೆಯ ಕಾಲು ನೋಯುತ್ತಿದೆಯೋ ಇಲ್ಲವೋ ಎಂದು ಪಶುವೈದ್ಯರು ಇದರಿಂದಲೇ ಕಂಡುಹಿಡಿಯುತ್ತಾರೆ. ಅವರು ಕುದುರೆಯನ್ನು ಗಟ್ಟಿ ನೆಲದ ಮೇಲೆ ಕುಕ್ಕುಲೋಟದಲ್ಲಿ ಓಡಿಸಿ ನೋಡುತ್ತಾರೆ. ಯಾಕೆಂದರೆ ನಡಿಗೆಯಲ್ಲಿ ಭಾರವನ್ನು ಬೇರೆ ಕಾಲುಗಳೂ ಹಂಚಿಕೊಳ್ಳುತ್ತವೆ, ಸಣ್ಣ ನೋವು ಗೊತ್ತಾಗಲ್ಲ. ಕುಕ್ಕುಲೋಟದಲ್ಲಿ ಒಂದು ಸಲಕ್ಕೆ ಒಂದೇ ಮುಂಗಾಲು ನೆಲದ ಮೇಲಿರುವುದರಿಂದ ಮುಂಭಾಗದ ಭಾರವೆಲ್ಲಾ ಅದರ ಮೇಲೇ ಬೀಳುತ್ತದೆ.

ಉದಾಹರಣೆಗೆ, ಬಲ ಮುಂಗಾಲಿನ ಗೊರಸಿಗೆ ಮೊಳೆ ಚುಚ್ಚಿದೆ ಎನ್ನಿ. ಬಲ ಮುಂಗಾಲು ಊರಿದಾಗ ಭಾರ ಕಡಿಮೆ ಮಾಡಲು ಕುದುರೆ ತಲೆ ಮೇಲೆತ್ತುತ್ತದೆ. ಎಡ ಮುಂಗಾಲು ಊರಿದಾಗ ತಲೆ ತಗ್ಗಿಸುತ್ತದೆ. ಸದ್ದೂ ಒಂದು ಮೆಲ್ಲಗೆ, ಒಂದು ಜೋರಾಗಿ ಕೇಳುತ್ತದೆ. ನೆನಪಿಡಿ, ತಲೆ ತಗ್ಗಿದಾಗ ಊರಿದ ಮುಂಗಾಲು ನೋವಿಲ್ಲದ್ದು. ಆದರೆ ಎರಡು ಮುಂಗಾಲೂ ಒಂದೇ ಸಮ ನೋಯುತ್ತಿದ್ದರೆ ತಲೆ ಹೀಗೆ ಆಡುವುದಿಲ್ಲ. ಹೆಜ್ಜೆ ಮಾತ್ರ ಗಿಡ್ಡ ಆಗುತ್ತದೆ.

ಮಾಡಿ ನೋಡಿ: ಇಬ್ಬರು ಒಬ್ಬರ ಹಿಂದೆ ಒಬ್ಬರು ನಿಲ್ಲಿ. ಹಿಂದಿನವರು ಮುಂದಿನವರ ಸೊಂಟ ಹಿಡಿಯಲಿ. ಹಿಂದಿನವರ ಎಡಗಾಲು, ಮುಂದಿನವರ ಬಲಗಾಲು ಒಟ್ಟಿಗೆ ಇಟ್ಟರೆ ಕುಕ್ಕುಲೋಟ. ಮೇಲೆ ಬರೆದ ಕ್ರಮದಲ್ಲಿ ಒಂದೊಂದೇ ಇಟ್ಟರೆ ನಡಿಗೆ. ಮೂರನೆಯವರು ಕಣ್ಣು ಮುಚ್ಚಿ ಯಾವುದೆಂದು ಹೇಳಲಿ.

– 7ನೇ ತರಗತಿ