ಶಬ್ದವಿಲ್ಲದ ವಿಡಿಯೊಗೆ ಅಕ್ಷರದ ಬಾಯಿ
(ಸ್ವಸಹಾಯ ಸಂಘಗಳ ಸಭೆಗೆ ಪಾಠ)



ಬೇಕರಿ ತಿಂಡಿ ಮಾಡಿ ಮಾರುವ ಸಂಘಗಳು ಈಗ ಹೊಸ ತಿಂಡಿ ಬಂದಾಗ ಮೊಬೈಲಿನಲ್ಲಿ ಸಣ್ಣ ವಿಡಿಯೊ ಮಾಡಿ ಹಾಕುತ್ತವೆ. ವಿಡಿಯೊದಲ್ಲಿ ಒಬ್ಬರು ನಿಂತು ತಿಂಡಿಯ ಬಗ್ಗೆ ಚೆನ್ನಾಗಿ ಮಾತಾಡಿರುತ್ತಾರೆ. ಆದರೆ ನೋಡುವವರಲ್ಲಿ ಬಹಳ ಮಂದಿಗೆ ಆ ಮಾತು ಕೇಳಿಸಿರುವುದೇ ಇಲ್ಲ. ಇದು ಯಾಕೆ, ಇದಕ್ಕೆ ಏನು ಮಾಡಬೇಕು ಎಂಬುದೇ ಈ ಪಾಠ.

1. ಶಬ್ದ ಎಲ್ಲಿ ಹೋಗುತ್ತದೆ?

ಫೇಸ್‌ಬುಕ್ 2013ರಲ್ಲಿ ಒಂದು ಬದಲಾವಣೆ ತಂದಿತು. ಬೆರಳಿನಲ್ಲಿ ಪರದೆ ಸರಿಸುತ್ತಾ ಹೋಗುವಾಗ ವಿಡಿಯೊ ಎದುರಿಗೆ ಬಂದರೆ ಸಾಕು, ಒತ್ತದೆಯೇ ತನ್ನಷ್ಟಕ್ಕೆ ಓಡಲು ಶುರುವಾಯಿತು, ಆದರೆ ಶಬ್ದವಿಲ್ಲದೆ. 2017ರಲ್ಲಿ ಶಬ್ದವೂ ಬರುವ ಹಾಗೆ ಮಾಡಿದರು. ಆದರೂ ಫೋನ್ ಸೈಲೆಂಟಿನಲ್ಲಿದ್ದರೆ ವಿಡಿಯೊ ಮೂಕವೇ. ಸುರತ್ಕಲ್ ಬಸ್ಸಿನಲ್ಲಿ ಕುಳಿತವರು, ಆಫೀಸಿನಲ್ಲಿರುವವರು, ಮಗುವನ್ನು ಮಲಗಿಸಿದ ತಾಯಿ, ಇವರ್ಯಾರೂ ಶಬ್ದ ಹಾಕಿ ನೋಡುವುದಿಲ್ಲ. ಕಿವಿ ಕೇಳದವರಿಗಂತೂ ಶಬ್ದ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಮ್ಮ ಕಾಟಿಪಳ್ಳದಲ್ಲಿ ಇನ್ನೊಂದು ಕಾರಣವೂ ಉಂಟು. ಇಲ್ಲಿ ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಬ್ಯಾರಿ, ಆಚೆ ಮನೆಯಲ್ಲಿ ಕೊಂಕಣಿ. ವಿಡಿಯೊದಲ್ಲಿ ಕೊಂಕಣಿ ಮಾತಾಡಿದರೆ ಎಲ್ಲರಿಗೂ ಅರ್ಥವಾಗದು. ಕನ್ನಡ ಅಕ್ಷರ ಮಾತ್ರ ಹೆಚ್ಚಿನವರು ಶಾಲೆಯಲ್ಲಿ ಕಲಿತಿದ್ದಾರೆ. ಹಾಗಾಗಿ ಮಾತು ಯಾವ ಭಾಷೆಯಲ್ಲಿದ್ದರೂ ಪರದೆಯ ಮೇಲೆ ಕನ್ನಡದಲ್ಲಿ ಬರೆದರೆ ಅದು ಹೆಚ್ಚು ಮನೆಗಳಿಗೆ ತಲುಪುತ್ತದೆ.

2. ಮೂರು ಬಗೆಯ ಬರಹ

ಇವುಗಳನ್ನು ಒಂದಕ್ಕೊಂದು ಬೆರೆಸಬಾರದು.

*ಪರದೆಯ ಬರಹ:* ವಿಡಿಯೊ ಚಿತ್ರದ ಮೇಲೆಯೇ ಕೂತಿರುವ ದೊಡ್ಡ ಅಕ್ಷರ. ವಿಡಿಯೊ ಎಲ್ಲಿಗೆ ಹೋದರೂ ಇದು ಜೊತೆಗೇ ಹೋಗುತ್ತದೆ.

*ಮಾತಿನ ಅಡಿಬರಹ:* ವಿಡಿಯೊದಲ್ಲಿ ಯಾರಾದರೂ ಮಾತಾಡುತ್ತಿದ್ದರೆ, ಸಿನೆಮಾದಲ್ಲಿ ಬರುವ ಹಾಗೆ ಆ ಮಾತನ್ನು ಕೆಳಗೆ ಬರೆಯುವುದು.

*ಕ್ಯಾಪ್ಶನ್:* ವಿಡಿಯೊದ ಹೊರಗೆ, ಅದರ ಜೊತೆಯಲ್ಲಿ ಟೈಪ್ ಮಾಡುವ ವಿವರ. ಇದರಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಉಳಿದದ್ದು ಮಡಚಿಕೊಂಡಿರುತ್ತದೆ, ಒತ್ತಿದರೆ ಬಿಚ್ಚುತ್ತದೆ.

ಸಣ್ಣ ವಿಡಿಯೊದಲ್ಲಿ ಪರದೆಯ ಬರಹ ಮತ್ತು ಮಾತಿನ ಅಡಿಬರಹ ಎರಡನ್ನೂ ಒಟ್ಟಿಗೆ ಹಾಕಿದರೆ ಕಣ್ಣು ಎತ್ತ ಹೋಗಬೇಕೆಂದು ತಿಳಿಯದೆ ಎರಡನ್ನೂ ಬಿಡುತ್ತದೆ. ಹೊಸ ತಿಂಡಿಯ ವಿಡಿಯೊಗೆ ಮಾತೇ ಬೇಡ; ಕೈ, ತಿಂಡಿ ಮತ್ತು ಪರದೆಯ ಬರಹ ಸಾಕು.

3. ಕಾಣುವುದನ್ನು ಬರೆಯಬೇಡಿ, ಕಾಣದ್ದನ್ನು ಬರೆಯಿರಿ

ಇದೇ ಈ ಪಾಠದ ಮುಖ್ಯ ಮಾತು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಸಂಘದವರು ರಾಗಿ ಬಿಸ್ಕತ್ತು ಹೊಸದಾಗಿ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ರಾಗಿ ಹಿಟ್ಟು, ಗೋಧಿ ಹಿಟ್ಟು, ಬೆಲ್ಲ, ಬೆಣ್ಣೆ ಹಾಕಿದ್ದಾರೆ. ಮೊಟ್ಟೆ ಇಲ್ಲ. 200 ಗ್ರಾಂ ಪ್ಯಾಕೆಟಿಗೆ 60 ರೂಪಾಯಿ.

ಮೂಕ ವಿಡಿಯೊದಲ್ಲಿ ಇದು ಹೇಗೆ ಕಾಣುತ್ತದೆ? ಒಂದು ಕಂದು ಬಣ್ಣದ ಬಿಸ್ಕತ್ತು, ಅಷ್ಟೆ. ಕೆಲವರು ಚಾಕಲೇಟ್ ಬಿಸ್ಕತ್ತು ಅಂದುಕೊಳ್ಳುತ್ತಾರೆ, ಕೆಲವರು ಸ್ವಲ್ಪ ಕರಟಿದೆ ಅಂದುಕೊಳ್ಳುತ್ತಾರೆ. ರಾಗಿಯ ಪರಿಮಳ ಮೊಬೈಲಿನಲ್ಲಿ ಬರುವುದಿಲ್ಲ. ಮುರಿಯುವಾಗಿನ ಸದ್ದೂ ಇಲ್ಲ. ಹೀಗಿರುವಾಗ “ರುಚಿರುಚಿಯಾದ ಹೊಸ ಬಿಸ್ಕತ್ತು” ಎಂದು ಬರೆದರೆ ಏನು ಸಿಕ್ಕಿತು? ಬಿಸ್ಕತ್ತು ಎಂದು ಕಣ್ಣಿಗೇ ಕಾಣುತ್ತದೆ. ರುಚಿ ಎಂದು ಎಲ್ಲರೂ ಹೇಳುತ್ತಾರೆ.

ಆದ್ದರಿಂದ ಮೊದಲು ಒಂದು ಕಾಗದದಲ್ಲಿ ಎರಡು ಕಲಂ ಮಾಡಿ. ಎಡಗಡೆ ಚಿತ್ರದಲ್ಲಿ ಕಾಣುವುದನ್ನು ಬರೆಯಿರಿ: ಕಂದು ಬಣ್ಣ, ದುಂಡಗಿನ ಆಕಾರ, ಪ್ಯಾಕೆಟ್. ಬಲಗಡೆ ಕಾಣದ್ದನ್ನು ಬರೆಯಿರಿ: ರಾಗಿ, ಬೆಲ್ಲ, ಮೊಟ್ಟೆ ಇಲ್ಲ, ಗರಿಗರಿ, ತೂಕ, ಬೆಲೆ, ಸಿಗುವ ಜಾಗ, ದಿನ. ಪರದೆಯ ಬರಹ ಈ ಬಲಗಡೆಯಿಂದಲೇ ಬರಬೇಕು.

4. ಹದಿನೈದು ಸೆಕೆಂಡಿನ ವಿಡಿಯೊ: ಐದು ತುಂಡು

ಒಂದೊಂದು ತುಂಡು 3 ಸೆಕೆಂಡು. ಒಂದು ತುಂಡಿಗೆ ಒಂದೇ ವಿಷಯ, ಹೆಚ್ಚೆಂದರೆ ಐದಾರು ಪದ.

ತುಂಡು 1: ಎರಡು ಕೈ ಬಿಸ್ಕತ್ತನ್ನು ಮುರಿಯುತ್ತವೆ, ಹತ್ತಿರದಿಂದ. ಬರಹ: ಚಾಕಲೇಟ್ ಅಲ್ಲ, ಇದು ರಾಗಿ! ಮುರಿಯುವ ಕ್ಷಣಕ್ಕೆ ಸರಿಯಾಗಿ ಬದಿಯಲ್ಲಿ ಕಟಕ್! ಎಂದು ಬರಲಿ. ಕಿವಿಗೆ ಸಿಗದ ಸದ್ದು ಕಣ್ಣಿಗೆ ಸಿಗುತ್ತದೆ.

ತುಂಡು 2: ಹಿಟ್ಟಿಗೆ ಬೆಲ್ಲದ ಪಾಕ ಸುರಿಯುವುದು. ಬರಹ: ರಾಗಿ, ಗೋಧಿ, ಬೆಲ್ಲ, ಬೆಣ್ಣೆ

ತುಂಡು 3: ಓವನಿನಿಂದ ಟ್ರೇ ಹೊರಗೆ. ಬರಹ: ಮೊಟ್ಟೆ ಹಾಕಿಲ್ಲ

ತುಂಡು 4: ಕೈಯಲ್ಲಿ ಪ್ಯಾಕೆಟ್. ಬರಹ: 200 ಗ್ರಾಂ, 60 ರೂ.

ತುಂಡು 5: ಅಂಗಡಿ ಅಥವಾ ಮನೆಯ ಎದುರು. ಬರಹ: ಕಾಟಿಪಳ್ಳ 3ನೇ ಬ್ಲಾಕ್, ಶನಿವಾರ ಸಂಜೆ 4ರಿಂದ

ಮೊದಲ ತುಂಡಿನಲ್ಲಿ ಸಂಘದ ಹೆಸರು, ನಮಸ್ಕಾರ, ಹೂವಿನ ಚಿತ್ರ ಏನೂ ಬೇಡ. ನೋಡುವವರ ಬೆರಳು ಕಾಯುವುದಿಲ್ಲ. ಬಣ್ಣ ನೋಡಿ ಹುಟ್ಟುವ ತಪ್ಪು ಕಲ್ಪನೆಯನ್ನು ಮೊದಲ ಸಾಲೇ ತಿದ್ದಬೇಕು. ಮೂರನೆಯದು ನಮ್ಮ ಊರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ: “ಮೊಟ್ಟೆ ಉಂಟಾ?” ಮೊಟ್ಟೆ ಹಾಕಿದ್ದರೆ ಹಾಕಿದೆ ಎಂದೇ ಬರೆಯಿರಿ.

ಫೋನ್ ನಂಬರನ್ನು ವಿಡಿಯೊದ ಒಳಗೆ ಹಾಕಿ ಪ್ರಯೋಜನವಿಲ್ಲ. ಮೂರು ಸೆಕೆಂಡಿನಲ್ಲಿ ಹತ್ತು ಅಂಕಿ ಯಾರೂ ಬರೆದುಕೊಳ್ಳುವುದಿಲ್ಲ. ಚಿತ್ರದ ಮೇಲಿನ ನಂಬರನ್ನು ಒತ್ತಿ ಕರೆ ಮಾಡಲೂ ಆಗುವುದಿಲ್ಲ. ಅದರ ಜಾಗ ಕ್ಯಾಪ್ಶನ್. ವಾಟ್ಸಾಪ್ ಸಂದೇಶದಲ್ಲಿ ಟೈಪ್ ಮಾಡಿದ ನಂಬರನ್ನು ಒತ್ತಿದರೆ ಅಲ್ಲಿಂದಲೇ ಕರೆ ಮಾಡಬಹುದು. ಕ್ಯಾಪ್ಶನಿನ ಮೊದಲ ಸಾಲು ಹೀಗಿರಲಿ: “ರಾಗಿ ಬೆಲ್ಲದ ಬಿಸ್ಕತ್ತು, 200 ಗ್ರಾಂ 60 ರೂ., ಶನಿವಾರ ಕಾಟಿಪಳ್ಳ 3ನೇ ಬ್ಲಾಕಿನಲ್ಲಿ.” ನಂಬರ್ ಎರಡನೆಯ ಸಾಲಿನಲ್ಲಿ. ಉಳಿದ ವಿವರ ಅದರ ನಂತರ.

5. ಬರೆಯಬಾರದ ಮಾತು

ಬೆಲ್ಲ ಹಾಕಿದ ಬಿಸ್ಕತ್ತಿಗೆ “ಸಕ್ಕರೆ ಇಲ್ಲ” ಎಂದು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಬೆಲ್ಲ ಕೂಡ ಕಬ್ಬಿನ ಸಕ್ಕರೆಯೇ, ಶುದ್ಧ ಮಾಡದ ರೂಪ ಅಷ್ಟೆ. ಸಕ್ಕರೆ ಕಾಯಿಲೆ ಇರುವವರು ಆ ಸಾಲನ್ನು ನಂಬಿ ನಾಲ್ಕು ಬಿಸ್ಕತ್ತು ತಿಂದರೆ ಅವರ ರಕ್ತದ ಸಕ್ಕರೆ ಏರುತ್ತದೆ. ಮೂಕ ವಿಡಿಯೊದಲ್ಲಿ ಬಿಡಿಸಿ ಹೇಳಲು ಬಾಯಿಯೂ ಇಲ್ಲ. ಎರಡು ಪದ ಏನು ಹೇಳಿತೋ ಅದೇ ಅವರಿಗೆ ಸತ್ಯ. ಆದ್ದರಿಂದ “ಸಿಹಿಗೆ ಬೆಲ್ಲ” ಎನ್ನಿ, “ಸಕ್ಕರೆ ಇಲ್ಲ” ಎನ್ನಬೇಡಿ. “ಸಕ್ಕರೆ ಕಾಯಿಲೆಯವರೂ ತಿನ್ನಬಹುದು” ಎಂದಂತೂ ಬೇಡವೇ ಬೇಡ. ಹಾಗೆಯೇ ಗೋಧಿಯೂ ಇರುವಾಗ “ಪೂರ್ತಿ ರಾಗಿ” ಎನ್ನಬಾರದು.

ಆಹಾರದ ಜಾಹೀರಾತು ಜನರ ದಾರಿ ತಪ್ಪಿಸಬಾರದು ಎಂದು ಎಫ್‌ಎಸ್‌ಎಸ್‌ಎಐ 2018ರಲ್ಲಿ ನಿಯಮ ಮಾಡಿದೆ. ನಾವು ಮೊಬೈಲಿನಲ್ಲಿ ಹಾಕುವ ವಿಡಿಯೊ ಕೂಡ ಜಾಹೀರಾತೇ.

6. ಕನ್ನಡ ಅಕ್ಷರ ಎಲ್ಲಿ ಕೆಡುತ್ತದೆ?

ನಮ್ಮ ಅಕ್ಷರಕ್ಕೆ ಒತ್ತು ಕೆಳಗೆ ಬರುತ್ತದೆ. ವಿಡಿಯೊ ಮಾಡುವ ಕೆಲವು ಆ್ಯಪ್‌ಗಳಿಗೆ ಇದು ಸರಿಯಾಗಿ ಬರುವುದಿಲ್ಲ. ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಿಡಿಯಾಗಿ ನಿಲ್ಲುತ್ತದೆ, ಇಲ್ಲವೇ ಅಕ್ಷರದ ಬದಲು ಖಾಲಿ ಚೌಕ ಬರುತ್ತದೆ. ಹೊಸ ಆ್ಯಪ್ ಬಳಸುವ ಮುಂಚೆ “ಬೆಲ್ಲ, ಬೆಣ್ಣೆ, ಬಿಸ್ಕತ್ತು, ಅರ್ಧ” ಎಂಬ ನಾಲ್ಕು ಪದ ಟೈಪ್ ಮಾಡಿ ನೋಡಿ. ಇವು ಸರಿ ಬಂದರೆ ಹೆಚ್ಚಿನವು ಸರಿ ಬರುತ್ತವೆ. ಬರದಿದ್ದರೆ ಬೇರೆ ಅಕ್ಷರ ಶೈಲಿ ಆರಿಸಿ. ಅದೂ ಆಗದಿದ್ದರೆ ಸುಲಭದ ದಾರಿ ಇದೆ: ಮಕ್ಕಳ ಸ್ಲೇಟಿನಲ್ಲಿ ಚಾಕಿನಿಂದ ದೊಡ್ಡದಾಗಿ ಬರೆದು, ಬಿಸ್ಕತ್ತಿನ ಪಕ್ಕದಲ್ಲಿಟ್ಟು ವಿಡಿಯೊ ತೆಗೆಯಿರಿ. ಕೈಬರಹದಲ್ಲಿ ಒತ್ತು ಕೆಡುವುದಿಲ್ಲ.

ಎರಡು ಸಾಲು ಬರೆಯುವಾಗ ನಡುವೆ ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಸುತ್ತ ದಪ್ಪ ಗೆರೆಯೂ ಬೇಡ, ಸಣ್ಣ ಒತ್ತು ತುಂಬಿ ಮುದ್ದೆಯಾಗುತ್ತದೆ. ಅದರ ಬದಲು ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕಿ, ಬಿಳಿ ಅಕ್ಷರ ಬರೆಯಿರಿ. ಬಿಳಿ ಬಟ್ಟಲಿನ ಮೇಲೆ ಬಿಳಿ ಅಕ್ಷರ ಕಾಣದು.

ಬರಹವನ್ನು ಪರದೆಯ ನಡುವಿನಲ್ಲಿಡಿ. ನಿಲುವಾದ ರೀಲ್ ವಿಡಿಯೊದಲ್ಲಿ ಕೆಳಗಿನ ಮೂರನೇ ಒಂದು ಭಾಗದಲ್ಲಿ ಖಾತೆಯ ಹೆಸರು, ಕ್ಯಾಪ್ಶನ್, ಬಲಬದಿಯಲ್ಲಿ ಲೈಕ್ ಮತ್ತು ಶೇರ್ ಬಟನ್‌ಗಳು ಕೂರುತ್ತವೆ. ತಯಾರಿಸುವಾಗ ಇವು ಕಾಣುವುದಿಲ್ಲ, ಹಾಕಿದ ಮೇಲೆ ಬೆಲೆಯನ್ನೇ ಮುಚ್ಚಿಬಿಡುತ್ತವೆ.

7. ಹಾಕುವ ಮುಂಚೆ ಪರೀಕ್ಷೆ, ಹಾಕಿದ ಮೇಲೆ ಪರೀಕ್ಷೆ

ತಿಂಡಿ ಮಾಡಿದವರಿಗೆ ಎಲ್ಲವೂ ಗೊತ್ತಿರುವುದರಿಂದ ಅವರು ಪರೀಕ್ಷೆ ಮಾಡಬಾರದು. ಸಂಘಕ್ಕೆ ಸೇರದ ನೆರೆಮನೆಯ ಅಕ್ಕನನ್ನು ಕರೆಯಿರಿ. ಸಾಧಾರಣ ಫೋನಿನಲ್ಲಿ, ಶಬ್ದ ಪೂರ್ತಿ ಕಡಿಮೆ ಮಾಡಿ, ಅಂಗಳದ ಬೆಳಕಿನಲ್ಲಿ ಒಂದೇ ಸಲ ತೋರಿಸಿ. ಫೋನ್ ತೆಗೆದುಕೊಂಡು ಮೂರು ಪ್ರಶ್ನೆ ಕೇಳಿ: ತಿಂಡಿ ಎಂತದ್ದು? ಬೆಲೆ ಎಷ್ಟು? ಎಲ್ಲಿ, ಯಾವಾಗ ಸಿಗುತ್ತದೆ? ಯಾವುದಕ್ಕೆ ಉತ್ತರ ಬರಲಿಲ್ಲವೋ ಆ ತುಂಡಿನ ಅಕ್ಷರ ದೊಡ್ಡದು ಮಾಡಿ, ಪದ ಕಡಿಮೆ ಮಾಡಿ, ಅಥವಾ ಒಂದು ಸೆಕೆಂಡು ಹೆಚ್ಚು ಕೊಡಿ.

ಹಾಕಿದ ಮೇಲೆ ಬರುವ ಪ್ರಶ್ನೆಗಳೇ ನಿಮಗೆ ತಪ್ಪು ತೋರಿಸುತ್ತವೆ. “ರೇಟ್ ಎಷ್ಟು?” ಎಂದು ಪದೇ ಪದೇ ಕೇಳಿದರೆ ನಾಲ್ಕನೇ ತುಂಡು ಯಾರಿಗೂ ಓದಲು ಸಿಕ್ಕಿಲ್ಲ. “ಚಾಕಲೇಟ್‌ದಾ?” ಎಂದು ಕೇಳಿದರೆ ಮೊದಲನೆಯದು ಸೋತಿದೆ. ಎಲ್ಲವೂ ತಿಳಿದು “ಎರಡು ಪ್ಯಾಕೆಟ್ ಇಡಿ” ಎಂದು ಬಂದರೆ ಬರಹ ಕೆಲಸ ಮಾಡಿದೆ ಎಂದರ್ಥ.

ಸಭೆಯಲ್ಲಿ ಚರ್ಚಿಸಿರಿ

1. ನಿಮ್ಮ ಸಂಘದ ಯಾವುದಾದರೂ ಒಂದು ತಿಂಡಿ ಆರಿಸಿ. ಅದನ್ನು ಬರೀ ಕಣ್ಣಿನಿಂದ ನೋಡಿದರೆ ಜನ ಏನೆಂದು ತಪ್ಪು ತಿಳಿಯಬಹುದು?
2. ಅದರ ಬಗ್ಗೆ ಕಾಣದ ಐದು ವಿಷಯ ಬರೆಯಿರಿ. ಒಂದೊಂದನ್ನು ಐದು ಪದದೊಳಗೆ ಇಳಿಸಿ.
3. ನಿಮ್ಮ ಪ್ಯಾಕೆಟಿನ ಮೇಲೆ ಅಥವಾ ಹಳೆಯ ವಿಡಿಯೊದಲ್ಲಿ ಗ್ರಾಹಕರು ತಪ್ಪು ತಿಳಿಯುವ ಪದ ಇದೆಯೇ?

ಮುಂದಿನ ಸಭೆಗೆ: ಇಬ್ಬಿಬ್ಬರು ಸೇರಿ 15 ಸೆಕೆಂಡಿನ ಒಂದು ವಿಡಿಯೊ ಮಾಡಿ ತನ್ನಿ. ಒಂದು ಜೋಡಿಯ ವಿಡಿಯೊವನ್ನು ಇನ್ನೊಂದು ಜೋಡಿ ಶಬ್ದವಿಲ್ಲದೆ ನೋಡಿ ಮೂರು ಪ್ರಶ್ನೆಗೆ ಉತ್ತರಿಸಲಿ.