‘ಥ್ರಿಲ್ಡ್’ ತೆಗೆದ ಮೇಲೆ ಏನು ಉಳಿಯುತ್ತೆ?

ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ನಮ್ಮೆಲ್ಲರ ಲಿಂಕ್ಡ್‌ಇನ್ ಒಂದೇ ಥರ ಕಾಣಿಸೋಕೆ ಶುರುವಾಗುತ್ತೆ. ಎಲ್ಲರೂ ಥ್ರಿಲ್ಡ್, ಎಲ್ಲರೂ ಪ್ಯಾಶನೇಟ್, ಎಲ್ಲರೂ ಎಕ್ಸೈಟೆಡ್. ಹಾಗಾಗಿ ಈ ಸಲ ಅಂಥ ಒಂದು ಪೋಸ್ಟನ್ನು ಬಿಚ್ಚಿ ಸರಿ ಮಾಡೋಣ. ಇದು ಅಭ್ಯಾಸಕ್ಕೆ ನಾವೇ ಮಾಡಿಕೊಂಡ ಉದಾಹರಣೆ. ಇಸಿಇ ಓದುವ ಹುಡುಗಿಯೊಬ್ಬಳು ಯುಪಿಎಸ್ ಬೋರ್ಡ್ ರಿಪೇರಿ ಮಾಡುವ ಕಡೆ ನಾಲ್ಕು ವಾರ ಕೆಲಸ ಮಾಡಿದ್ದಾಳೆ ಅಂದುಕೊಳ್ಳಿ. ಅವಳ ಪೋಸ್ಟ್ ಹೀಗಿದೆ:

“ಪ್ರತಿಷ್ಠಿತ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮುಗಿಸಿದ್ದೇನೆ ಎಂದು ತಿಳಿಸಲು ಥ್ರಿಲ್ಡ್ ಆಗಿದ್ದೇನೆ! ಎಲೆಕ್ಟ್ರಾನಿಕ್ಸ್ ಬಗ್ಗೆ ಪ್ಯಾಶನೇಟ್ ಆಗಿರುವ ನನಗೆ ಇದೊಂದು ಅದ್ಭುತ ಜರ್ನಿ. ಡೈನಾಮಿಕ್ ಟೀಮ್‌ನಿಂದ ತುಂಬಾ ಕಲಿತೆ. ಮುಂದಿನ ಹಾದಿಗೆ ಎಕ್ಸೈಟೆಡ್!”

ಮೊದಲು ಒಂದು ಪರೀಕ್ಷೆ. ಇದನ್ನು ಮನೆಯಲ್ಲಿ ಅತ್ತೆಗೆ ಕನ್ನಡದಲ್ಲಿ ಹೇಳಿ ನೋಡಿ. “ಅತ್ತೆ, ನಾನು ರೋಮಾಂಚನಗೊಂಡಿದ್ದೇನೆ” ಅಂತ ಯಾರೂ ಹೇಳಲ್ಲ. “ನಾಲ್ಕು ವಾರ ಯುಪಿಎಸ್ ರಿಪೇರಿ ಕಲಿತೆ ಅತ್ತೆ” ಅಂತೀವಿ. ಅಂದರೆ ಸುದ್ದಿ ನಮ್ಮ ಬಾಯಲ್ಲೇ ಇದೆ, ಪೋಸ್ಟಿನಲ್ಲಿ ಮಾತ್ರ ಇಲ್ಲ.

ಈಗ ಆ ಪದಗಳನ್ನೆಲ್ಲ ಹೊಡೆದು ಹಾಕಿ. ಉಳಿಯೋದು “ಇಂಟರ್ನ್‌ಶಿಪ್ ಮುಗಿಸಿದೆ, ತುಂಬಾ ಕಲಿತೆ” ಅಷ್ಟೇ. ಇದನ್ನು ಮೆಕ್ಯಾನಿಕಲ್‌ನವರೂ ಹಾಕಬಹುದು, ಸಿವಿಲ್‌ನವರೂ ಹಾಕಬಹುದು. ಥ್ರಿಲ್ಡ್ ಬದಲು ‘ಹೆಮ್ಮೆ’, ‘ಸಂತಸ’ ಅಂತ ಹಾಕಿದರೂ ಅಂಗಿ ಬದಲಾಯಿತೇ ಹೊರತು ಆಳು ಅವನೇ. ಆ ಪದ ಕೂತಿದ್ದ ಜಾಗದಲ್ಲಿ ಒಂದು ಸಂಗತಿ ಇರಬೇಕಿತ್ತು. ಅದನ್ನು ಹುಡುಕೋಕೆ ಪ್ರತಿ ಪದಕ್ಕೂ ಒಂದು ಪ್ರಶ್ನೆ ಕೇಳಬೇಕು.

‘ಥ್ರಿಲ್ಡ್’ ಇದ್ದಲ್ಲಿ ಕೇಳಿ: ಸುದ್ದಿ ಏನು? ಉತ್ತರ: ನಾಲ್ಕು ವಾರ ಕೆಟ್ಟ ಯುಪಿಎಸ್ ಬೋರ್ಡ್‌ಗಳನ್ನು ಪರೀಕ್ಷಿಸಿದೆ. ಇದು ಮೊದಲ ಸಾಲಿಗೇ ಬರಲಿ. ಫೀಡ್‌ನಲ್ಲಿ ಪೋಸ್ಟಿನ ಮೊದಲ ಕೆಲವು ಸಾಲು ಮಾತ್ರ ಕಾಣುತ್ತೆ, ಉಳಿದದ್ದಕ್ಕೆ ಒತ್ತಬೇಕು. ಆ ಜಾಗವನ್ನು ಥ್ರಿಲ್ಡ್ ತಿಂದರೆ ಸುದ್ದಿ ಒಳಗೇ ಉಳಿಯುತ್ತೆ.

‘ಪ್ಯಾಶನೇಟ್’ ಇದ್ದಲ್ಲಿ: ಯಾರೂ ಹೇಳದೆ ನೀವಾಗಿಯೇ ಮಾಡಿದ್ದೇನು? ಅವಳು ಪ್ರತಿ ಬೋರ್ಡಿನ ದೋಷವನ್ನು ಒಂದು ಶೀಟ್‌ನಲ್ಲಿ ಬರೆದಿಟ್ಟಿದ್ದಳು. ಆಸಕ್ತಿ ಇದೆ ಅನ್ನೋದಕ್ಕೆ ಆ ಶೀಟೇ ಸಾಕ್ಷಿ.

‘ತುಂಬಾ ಕಲಿತೆ’ ಇದ್ದಲ್ಲಿ: ಮೊದಲ ದಿನ ಬಾರದ್ದು, ಕೊನೆಯ ದಿನ ಬಂದದ್ದು ಯಾವುದು? ಉಬ್ಬಿದ ಕೆಪಾಸಿಟರ್ ಕಣ್ಣಿಗೇ ಕಾಣುತ್ತೆ. ಆದರೆ ಹೊರಗಿಂದ ಚೆನ್ನಾಗಿದ್ದೂ ಒಳಗೆ ಕೆಟ್ಟಿರೋ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಇರುತ್ತೆ. ಅದನ್ನು ಇಎಸ್‌ಆರ್ ಮೀಟರ್‌ನಲ್ಲಿ ಅಳೆದೇ ಹಿಡಿಯಬೇಕು. ಅವಳು ಕಲಿತದ್ದು ಇದು.

‘ಡೈನಾಮಿಕ್ ಟೀಮ್’ ಇದ್ದಲ್ಲಿ: ಯಾರು ಏನು ಹೇಳಿಕೊಟ್ಟರು? ‘ಎಕ್ಸೈಟೆಡ್’ ಇದ್ದಲ್ಲಿ: ಮುಂದೆ ಏನು ಮಾಡ್ತೀರಿ? ಉತ್ತರ ಇಲ್ಲದಿದ್ದರೆ ಆ ವಾಕ್ಯವೇ ಬೇಡ. ಈಗ ಪೋಸ್ಟ್ ಹೀಗಾಗುತ್ತೆ:

“ನಾಲ್ಕು ವಾರ ಕೆಟ್ಟು ಬಂದ ಯುಪಿಎಸ್ ಬೋರ್ಡ್‌ಗಳನ್ನು ಪರೀಕ್ಷಿಸುವ ಕೆಲಸ ಮಾಡಿದೆ. 40 ಬೋರ್ಡ್‌ಗಳ ದೋಷ ಬರೆದಿಟ್ಟೆ. 23ರಲ್ಲಿ ಕೆಪಾಸಿಟರ್ ಕೆಟ್ಟಿತ್ತು. ಕಣ್ಣಿಗೆ ಸರಿ ಕಂಡ ಕೆಪಾಸಿಟರನ್ನೂ ಇಎಸ್‌ಆರ್ ಮೀಟರ್‌ನಲ್ಲಿ ಅಳೆಯಬೇಕು ಅಂತ ತೋರಿಸಿಕೊಟ್ಟವರು ಅಲ್ಲಿನ ಟೆಕ್ನಿಷಿಯನ್. ನಾನು ರಿಪೇರಿ ಮಾಡಿದ ಮೊದಲ ಬೋರ್ಡ್ ಆನ್ ಆದಾಗ ಖುಷಿಯಾಯಿತು. ಈ ಸೆಮಿಸ್ಟರ್ ಒಂದು ಪುಟ್ಟ ಪವರ್ ಸಪ್ಲೈ ಕಟ್ಟುತ್ತಿದ್ದೇನೆ.”

‘ಖುಷಿ’ಯನ್ನು ನಾವು ತೆಗೆದಿಲ್ಲ, ಗಮನಿಸಿ. ಬೋರ್ಡ್ ಆನ್ ಆದ ಗಳಿಗೆಗೆ ಅಂಟಿಕೊಂಡಿರೋದರಿಂದ ಅದನ್ನು ನಂಬಬಹುದು.

ಸಂಗತಿ ಹಾಕುವಾಗಲೂ ಎಡವೋ ಜಾಗಗಳಿವೆ. 23 ಅನ್ನೋದು ಎಣಿಸಿದ್ದು, ಅದು ಸರಿ. ಆದರೆ “ದೋಷಗಳನ್ನು ಅರ್ಧಕ್ಕೆ ಇಳಿಸಿದೆ” ಅಂತ ಬರೆದರೆ ಅದು ಥ್ರಿಲ್ಡ್‌ಗಿಂತ ಕೆಟ್ಟದು, ಯಾಕಂದ್ರೆ ಅದನ್ನು ಅವಳು ಅಳೆದೇ ಇಲ್ಲ. ನಾಲ್ವರು ಸೇರಿ ಮಾಡಿದ ಕೆಲಸಕ್ಕೆ ‘ನಾನು’ ಅಂತ ಬರೆಯೋದೂ ಹಾಗೇ. ಇನ್ನೊಂದು ವಿಷಯ: ಎಷ್ಟು ಬೋರ್ಡ್ ಕೆಟ್ಟು ಬಂತು ಅನ್ನೋದು ಕಂಪನಿಯ ಒಳಗಿನ ಲೆಕ್ಕ. ಹಾಕಬಹುದಾ ಅಂತ ಮೆಂಟರ್ ಹತ್ರ ಮೊದಲೇ ಕೇಳಿ. ಬೇಡ ಅಂದರೆ ಅಂಕಿ ಬಿಡಿ, ಅಳೆದ ವಿಧಾನ ಇಟ್ಟುಕೊಳ್ಳಿ. ಪೋಸ್ಟಿನ ಜೀವ ಇರೋದು ಅಲ್ಲೇ.

ಒತ್ತುವ ಮುಂಚೆ ಕೊನೆಯ ಪರೀಕ್ಷೆ: ರೂಮ್‌ಮೇಟ್‌ಗೆ ಪೋಸ್ಟ್ ಓದಿ ಹೇಳಿ, ಪ್ರತಿ ವಾಕ್ಯಕ್ಕೂ “ಹೇಗೆ?” ಅಂತ ಕೇಳೋಕೆ ಹೇಳಿ. ಎರಡು ನಿಮಿಷ ಮಾತಾಡೋಕೆ ಆಗುವ ವಾಕ್ಯ ಇರಲಿ. ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವರು ಕೇಳೋದೂ ಅದೇ ಪ್ರಶ್ನೆ.