ಮುಚ್ಚಳದ ನಕ್ಷೆ, ಕೈಯಲ್ಲಿನ ಟೆಸ್ಟ್ ಲ್ಯಾಂಪ್

ಕಾರಿನ ವೈರಿಂಗ್ ನನ್ನ ಕಸುಬು. ಅಂಗಡಿಗೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಕಲಿಸುವುದು ವೈರ್ ಜೋಡಿಸುವುದನ್ನಲ್ಲ, ಫ್ಯೂಸ್ ಬಾಕ್ಸಿನ ಮುಂದೆ ಕೂತು ಯಾವ ಫ್ಯೂಸ್ ಎಲ್ಲಿಗೆ ಕರೆಂಟ್ ಕೊಡುತ್ತದೆ ಎಂದು ಪತ್ತೆ ಹಚ್ಚುವುದನ್ನು. ಅದು ತಿಳಿಯದೆ ಬಿಚ್ಚಿದ ಡ್ಯಾಶ್‌ಬೋರ್ಡ್‌ಗಳನ್ನು ಸಾಕಷ್ಟು ನೋಡಿದ್ದೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ನಕ್ಷೆ ಓದುವ ಮೊದಲು ಅದರ ದಿಕ್ಕು ಗೊತ್ತುಮಾಡಿಕೊಳ್ಳಿ

ನಕ್ಷೆ ಸಾಮಾನ್ಯವಾಗಿ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಮೈಯಲ್ಲಿ ಇರುತ್ತದೆ. ಮುಚ್ಚಳ ಕಳಚಿ ಕೈಯಲ್ಲಿ ಹಿಡಿದ ಕ್ಷಣ ಅದು ತಲೆಕೆಳಗಾಗಿರಬಹುದು. ಆಗ ಎಡಸಾಲಿನ ಮೇಲಿನ ಫ್ಯೂಸ್ ಎಂದುಕೊಂಡು ಬಲಸಾಲಿನ ಕೆಳಗಿನದನ್ನು ಕೀಳುತ್ತೀರಿ. ಇದನ್ನು ತಪ್ಪಿಸಲು ಫ್ಯೂಸ್ ಎಣಿಸುತ್ತಾ ಹೋಗಬೇಡಿ, ಎದ್ದು ಕಾಣುವ ಗುರುತು ಹುಡುಕಿ. ಚೌಕಾಕಾರದ ರಿಲೇ ಯಾವ ಮೂಲೆಯಲ್ಲಿದೆ, ದಪ್ಪ ಫ್ಯೂಸ್ ಎಲ್ಲಿದೆ, ಖಾಲಿ ಮನೆ ಎಲ್ಲಿದೆ ಎಂದು ನೋಡಿ, ಇಂಥ ಎರಡು ಗುರುತು ನಕ್ಷೆಗೂ ಬಾಕ್ಸಿಗೂ ತಾಳೆಯಾದ ಮೇಲೆ ಮುಂದುವರಿಯಿರಿ.

ಬಾಕ್ಸ್ ಒಂದೇ ಇರುತ್ತದೆ ಎಂದೂ ಅಂದುಕೊಳ್ಳಬೇಡಿ. ಹೆಚ್ಚಿನ ಕಾರುಗಳಲ್ಲಿ ಒಂದು ಡ್ಯಾಶ್‌ಬೋರ್ಡಿನ ಕೆಳಗೆ, ಇನ್ನೊಂದು ಬಾನೆಟ್ಟಿನೊಳಗೆ ಬ್ಯಾಟರಿಯ ಆಸುಪಾಸಿನಲ್ಲಿ ಇರುತ್ತದೆ. ಒಳಗಿನ ಬಾಕ್ಸಿಗೆ ಕರೆಂಟ್ ಬರುವುದೇ ಬಾನೆಟ್ಟಿನೊಳಗಿನ ದೊಡ್ಡ ಫ್ಯೂಸುಗಳ ಮೂಲಕ. ಸಂಬಂಧವಿಲ್ಲದ ಹಲವು ಸಾಮಾನು ಒಟ್ಟಿಗೆ ಸತ್ತಿದ್ದರೆ ಒಳಗೆ ಹುಡುಕುವ ಮೊದಲು ಹೊರಗಿನದನ್ನು ನೋಡಿ. ನಕ್ಷೆಯಲ್ಲಿ ಹೆಸರಿದ್ದು ಬಾಕ್ಸಿನಲ್ಲಿ ಫ್ಯೂಸೇ ಇಲ್ಲದಿದ್ದರೆ ಯಾರೋ ಕಿತ್ತಿದ್ದಾರೆ ಎಂದು ಗಾಬರಿಯಾಗಬೇಕಿಲ್ಲ. ಎಲ್ಲ ಮಾದರಿಗಳಿಗೂ ಒಂದೇ ಮುಚ್ಚಳ ಅಚ್ಚು ಹಾಕುತ್ತಾರೆ. ಕಡಿಮೆ ದರದ ಕಾರಿನಲ್ಲಿ ಹಿಂದಿನ ವೈಪರ್ ಇರುವುದಿಲ್ಲ, ಅದರ ಮನೆಯೂ ಖಾಲಿ. ಆ ಖಾಲಿ ಮನೆಯ ತಳದಲ್ಲಿ ಲೋಹದ ತುದಿಗಳೂ ಇಲ್ಲದಿದ್ದರೆ ಅಲ್ಲಿಗೆ ವೈರೇ ಬಂದಿಲ್ಲ ಎಂದರ್ಥ.

2. ಹೆಸರು ಒಂದು, ಅದರ ಹಿಂದೆ ನಾಲ್ಕು ಸಾಮಾನು

ಮುಚ್ಚಳದಲ್ಲಿ ಜಾಗ ಕಡಿಮೆ. ಹಾಗಾಗಿ ಒಂದು ಫ್ಯೂಸಿಗೆ ಒಂದೇ ಹೆಸರು ಬರೆದಿರುತ್ತಾರೆ. ‘ಡೋಮ್’ ಎಂದು ಬರೆದ ಫ್ಯೂಸ್ ಛಾವಣಿಯ ದೀಪದ ಜೊತೆಗೆ ಮ್ಯೂಸಿಕ್ ಸಿಸ್ಟಮ್ಮಿನ ನೆನಪಿಗೂ ಕರೆಂಟ್ ಕೊಡುತ್ತಿರಬಹುದು. ಮಾಲೀಕರ ಕೈಪಿಡಿಯಲ್ಲಿ ಪಟ್ಟಿ ಇನ್ನಷ್ಟು ವಿವರವಾಗಿರುತ್ತದೆ, ಇದ್ದರೆ ಅದನ್ನೇ ತೆರೆಯಿರಿ.

ಹೆಸರಿಗಿಂತ ನಾನು ಹೆಚ್ಚು ನೋಡುವುದು ಆ ಫ್ಯೂಸ್ ಯಾವ ಗುಂಪಿಗೆ ಸೇರಿದೆ ಎಂಬುದನ್ನು. ಕೀ ತೆಗೆದರೂ ಕರೆಂಟ್ ಇರುವವು ಒಂದು ಗುಂಪು: ಹಜಾರ್ಡ್, ಒಳದೀಪ, ಬಹುತೇಕ ಕಾರುಗಳಲ್ಲಿ ಹಾರ್ನ್ ಮತ್ತು ಬ್ರೇಕ್ ಲೈಟ್. ಕೀಯನ್ನು ಮೊದಲ ಹಲ್ಲಿಗೆ ತಿರುಗಿಸಿದಾಗ ಜೀವ ಬರುವವು ಇನ್ನೊಂದು: ಮ್ಯೂಸಿಕ್ ಸಿಸ್ಟಮ್, ಚಾರ್ಜರ್ ಸಾಕೆಟ್. ಪೂರ್ತಿ ‘ಆನ್’ ಮಾಡಿದಾಗ ಬರುವವು ಮೂರನೆಯದು: ಮೀಟರ್, ವೈಪರ್, ಇಂಡಿಕೇಟರ್, ರಿವರ್ಸ್ ಲೈಟ್. ಗಿರಾಕಿ ಹೇಳುವ ತೊಂದರೆಯನ್ನು ಈ ಮೂರು ಗುಂಪಿನಲ್ಲಿ ಕೂರಿಸಿದರೆ ನಕ್ಷೆಯ ಮುಕ್ಕಾಲು ಭಾಗ ಪಕ್ಕಕ್ಕೆ ಸರಿಯುತ್ತದೆ.

3. ಟೆಸ್ಟ್ ಲ್ಯಾಂಪನ್ನೇ ಮೊದಲು ಟೆಸ್ಟ್ ಮಾಡಿ

ಈ ಕೆಲಸಕ್ಕೆ ತಂತಿ ಕಾಯುವ ಹಳೆಯ ಬಲ್ಬಿನ ಲ್ಯಾಂಪೇ ಬೇಕು. ಒಂದು ತುದಿಯಲ್ಲಿ ಕ್ಲಿಪ್, ಇನ್ನೊಂದರಲ್ಲಿ ಸೂಜಿ, ನಡುವೆ 12 ವೋಲ್ಟಿನ ಸಣ್ಣ ಬಲ್ಬ್. ಎಲ್ಇಡಿ ಲ್ಯಾಂಪ್ ಉರಿಯಲು ತೀರಾ ಕಡಿಮೆ ಕರೆಂಟ್ ಸಾಕು. ಹಸಿರು ತುಕ್ಕು ಹಿಡಿದು ಒಂದೇ ಎಳೆ ಉಳಿದ ವೈರಿನಲ್ಲೂ ಅದು ಚೆನ್ನಾಗಿ ಉರಿದು, ಲೈನ್ ಸರಿಯಿದೆ ಎಂದು ನಂಬಿಸುತ್ತದೆ. ಬಲ್ಬ್ ಕರೆಂಟನ್ನು ನಿಜವಾಗಿ ಎಳೆಯುವುದರಿಂದ ಅಂಥ ಕಡೆ ಮಂಕಾಗುತ್ತದೆ.

ಕ್ಲಿಪ್ಪನ್ನು ಬಣ್ಣ ಬಳಿಯದ ಬೋಲ್ಟಿಗೆ ಅಥವಾ ಬ್ಯಾಟರಿಯ ಮೈನಸ್‌ಗೆ ಹಾಕಿ, ಸೂಜಿಯನ್ನು ಬ್ಯಾಟರಿಯ ಪ್ಲಸ್‌ಗೆ ಮುಟ್ಟಿಸಿ. ಪೂರ್ಣ ಪ್ರಕಾಶ ಹೇಗಿರುತ್ತದೆ ಎಂದು ಕಣ್ಣಿಗೆ ಗೊತ್ತಾಗಲಿ. ಕ್ಲಿಪ್ಪಿನ ಜಾಗ ಬದಲಿಸಿದಾಗಲೆಲ್ಲ, ಕರೆಂಟ್ ಇದೆಯೆಂದು ಖಚಿತವಾಗಿ ಗೊತ್ತಿರುವ ಕಡೆ ಮತ್ತೊಮ್ಮೆ ಮುಟ್ಟಿಸಿ ನೋಡಿ. ಬಣ್ಣದ ಮೇಲೆ ಕಚ್ಚಿದ ಕ್ಲಿಪ್ಪಿನಿಂದ ಅಳೆದರೆ ಬಾಕ್ಸಿನ ಎಲ್ಲ ಫ್ಯೂಸುಗಳೂ ಸತ್ತಂತೆ ಕಾಣುತ್ತವೆ.

4. ಫ್ಯೂಸಿನ ನೆತ್ತಿಯ ಎರಡು ಚುಕ್ಕೆಗಳು

ಬ್ಲೇಡ್ ಫ್ಯೂಸಿನ ನೆತ್ತಿಯಲ್ಲಿ ಪ್ಲಾಸ್ಟಿಕ್ಕಿನ ನಡುವೆ ಎರಡು ಕಡೆ ಲೋಹ ಇಣುಕುತ್ತದೆ. ಫ್ಯೂಸ್ ಕೀಳದೆಯೇ ಅಲ್ಲಿ ಸೂಜಿ ಮುಟ್ಟಿಸಬಹುದು. ಎರಡೂ ಕಡೆ ಉರಿದರೆ ಫ್ಯೂಸ್ ಸರಿಯಿದೆ, ಕರೆಂಟೂ ಬಂದಿದೆ. ಒಂದೇ ಕಡೆ ಉರಿದರೆ ಫ್ಯೂಸ್ ಹೋಗಿದೆ. ಎರಡೂ ಕಡೆ ಉರಿಯದಿದ್ದರೆ ಹೊಸಬರು ಫ್ಯೂಸ್ ಸುಟ್ಟಿದೆ ಎನ್ನುತ್ತಾರೆ. ಆದರೆ ಅದರ ಅರ್ಥ ಅಲ್ಲಿಗೆ ಕರೆಂಟೇ ಬಂದಿಲ್ಲ ಎಂದಷ್ಟೇ. ಕೀ ಆನ್ ಆಗಿರದಿರಬಹುದು, ಹಿಂದಿನ ರಿಲೇ ಕೂತಿರದಿರಬಹುದು, ಬಾನೆಟ್ಟಿನ ಮುಖ್ಯ ಫ್ಯೂಸ್ ಹೋಗಿರಬಹುದು.

ನಕ್ಷೆ ಹರಿದ ಕಾರು ಬಂದರೆ ನಾನು ಬಾಕ್ಸಿನ ಮೇಲೆ ಮೂರು ಸುತ್ತು ಹಾಕುತ್ತೇನೆ: ಕೀ ತೆಗೆದು ಒಮ್ಮೆ, ಮೊದಲ ಹಲ್ಲಿನಲ್ಲಿ ಒಮ್ಮೆ, ಆನ್ ಮಾಡಿ ಒಮ್ಮೆ. ಪ್ರತಿ ಸುತ್ತಿನಲ್ಲಿ ಹೊಸದಾಗಿ ಉರಿದವನ್ನು ಕಾಗದದ ಮೇಲೆ ಗುರುತು ಹಾಕುತ್ತೇನೆ. ಹೆಸರು ಇಲ್ಲದಿದ್ದರೂ ಎರಡನೇ ಪಾಠದ ಮೂರು ಗುಂಪುಗಳು ಹೀಗೆ ಸಿಗುತ್ತವೆ.

5. ಕೆಲಸ ಮಾಡುವ ಸಾಮಾನಿನ ಕಡೆಯಿಂದ ಹಿಂದಕ್ಕೆ ಬನ್ನಿ

ಗುಂಪು ಸಿಕ್ಕಿತು, ಅದರಲ್ಲಿ ನಮಗೆ ಬೇಕಾದ ಫ್ಯೂಸ್ ಯಾವುದು? ಆ ಸಾಮಾನಿನ ಕನೆಕ್ಟರಿನಲ್ಲಿ ಕರೆಂಟ್ ಬರುವ ಪಿನ್ನಿಗೆ ಸೂಜಿ ತಾಗಿಸಿ, ಲ್ಯಾಂಪ್ ಉರಿಯುತ್ತಾ ಇರಲಿ. ಒಬ್ಬರು ಲ್ಯಾಂಪ್ ನೋಡುತ್ತಿರಬೇಕು, ಇನ್ನೊಬ್ಬರು ಆ ಗುಂಪಿನ ಫ್ಯೂಸುಗಳನ್ನು ಒಂದೊಂದಾಗಿ ಕೀಳಬೇಕು. ಒಂದನ್ನು ಅದರ ಮನೆಗೆ ಮರಳಿ ಕೂರಿಸಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು. ಯಾವುದನ್ನು ಕಿತ್ತಾಗ ಲ್ಯಾಂಪ್ ಆರುತ್ತದೋ ಅದೇ ಫ್ಯೂಸ್. ಎಂಜಿನ್ ಓಡುತ್ತಿರಬಾರದು.

ರಿಲೇ ಇರುವ ಲೈನಿನಲ್ಲಿ ಒಂದು ತೊಡಕಿದೆ. ರಿಲೇಯ ಸುರುಳಿಗೆ ಒಂದು ಫ್ಯೂಸಿನಿಂದ, ಅದು ಸಾಗಿಸುವ ದೊಡ್ಡ ಕರೆಂಟಿಗೆ ಇನ್ನೊಂದರಿಂದ ದಾರಿ ಇರಬಹುದು. ಯಾವುದನ್ನು ಕಿತ್ತರೂ ಲ್ಯಾಂಪ್ ಆರುತ್ತದೆ. ಆಗ ಕಿವಿ ಕೊಡಿ. ಫ್ಯೂಸ್ ಕಿತ್ತು ಸ್ವಿಚ್ ಹಾಕಿದಾಗಲೂ ರಿಲೇ ‘ಟಕ್’ ಎಂದರೆ ನೀವು ಕಿತ್ತದ್ದು ದೊಡ್ಡ ಕರೆಂಟಿನ ಫ್ಯೂಸ್. ಸದ್ದೇ ಇಲ್ಲದಿದ್ದರೆ ಸುರುಳಿಯದು.

6. ರಿವರ್ಸ್ ಹಾಕಿದರೆ ಇಂಡಿಕೇಟರ್ ಸಾಯುತ್ತಿದ್ದ ಕಾರು

ಒಂದು ಹಳೆಯ ಸಣ್ಣ ಕಾರಿನ ಕೆಲಸವನ್ನು ಮೊದಲಿನಿಂದ ಹೇಳುತ್ತೇನೆ. ಇಂಡಿಕೇಟರ್ ಇಲ್ಲ, ರಿವರ್ಸ್ ಲೈಟೂ ಇಲ್ಲ, ಹಜಾರ್ಡ್ ಮಾತ್ರ ಸರಿಯಾಗಿ ಮಿನುಗುತ್ತಿತ್ತು. ಹಜಾರ್ಡಿನಲ್ಲಿ ಉರಿಯುವುದೂ ಅದೇ ಇಂಡಿಕೇಟರ್ ಬಲ್ಬುಗಳೇ. ಬಲ್ಬುಗಳಿಗೆ ತೊಂದರೆಯಿಲ್ಲ, ಅವುಗಳವರೆಗಿನ ವೈರಿಗೂ ತೊಂದರೆಯಿಲ್ಲ ಎಂದು ಅಲ್ಲೇ ತಿಳಿಯಿತು. ಹಜಾರ್ಡಿಗೆ ಸದಾ ಕರೆಂಟ್ ಇರುವ ಫ್ಯೂಸ್, ಇಂಡಿಕೇಟರಿಗೆ ಕೀ ಹಾಕಿದಾಗ ಬರುವ ಫ್ಯೂಸ್. ನಕ್ಷೆಯಲ್ಲಿ ‘ಟರ್ನ್–ಬ್ಯಾಕ್’ ಎಂದು ಒಂದೇ 15 ಆಂಪಿಯರ್ ಫ್ಯೂಸ್ ಇತ್ತು, ಇಂಡಿಕೇಟರಿಗೂ ರಿವರ್ಸ್ ಲೈಟಿಗೂ ಅದೇ. ಲ್ಯಾಂಪ್ ಒಂದು ಚುಕ್ಕೆಯಲ್ಲಿ ಉರಿಯಿತು, ಇನ್ನೊಂದರಲ್ಲಿ ಇಲ್ಲ.

ಹೊಸ ಫ್ಯೂಸ್ ಹಾಕಿದರೆ ಇಂಡಿಕೇಟರ್ ಬಂತು. ರಿವರ್ಸ್ ಗೇರ್ ಹಾಕಿದ ತಕ್ಷಣ ಮತ್ತೆ ಹೋಯಿತು. ಇಂಥ ಹೊತ್ತಿನಲ್ಲಿ ನೀಲಿ 15ರ ಬದಲು ಹಸಿರು 30 ಹಾಕುವವರಿದ್ದಾರೆ. ಹಾಗೆ ಮಾಡಿದರೆ ಫ್ಯೂಸ್ ಉಳಿದು ವೈರ್ ಸುಡುತ್ತದೆ. ಇನ್ನಷ್ಟು ಫ್ಯೂಸ್ ಸುಡುವುದರಿಂದಲೂ ಏನೂ ತಿಳಿಯುವುದಿಲ್ಲ. ಸತ್ತ ಫ್ಯೂಸ್ ಕಿತ್ತು, ಅದರ ಮನೆಯ ಎರಡು ತುದಿಗಳ ನಡುವೆ ಟೆಸ್ಟ್ ಲ್ಯಾಂಪನ್ನೇ ಸೇರಿಸಿದೆ. ಈಗ ಶಾರ್ಟ್ ಆಗಿದ್ದರೂ ಆ ಬಲ್ಬ್ ಬಿಡುವಷ್ಟೇ ಕರೆಂಟ್ ಹರಿಯುತ್ತದೆ, ವೈರ್ ಬಿಸಿಯಾಗುವುದಿಲ್ಲ, ಶಾರ್ಟ್ ಇರುವವರೆಗೂ ಲ್ಯಾಂಪ್ ಉರಿಯುತ್ತದೆ.

ಎಂಜಿನ್ ಓಡಿಸದೆ ಕೀ ಆನ್ ಮಾಡಿ, ಇಂಡಿಕೇಟರ್ ಆಫ್ ಇಟ್ಟು ನೋಡಿದೆ. ನ್ಯೂಟ್ರಲ್‌ನಲ್ಲಿ ಲ್ಯಾಂಪ್ ಆರಿತ್ತು. ರಿವರ್ಸ್ ಹಾಕಿದಾಗ ಜೋರಾಗಿ ಉರಿಯಿತು. ಇಷ್ಟಕ್ಕೇ ಶಾರ್ಟ್ ಎನ್ನುವಂತಿಲ್ಲ. ರಿವರ್ಸ್ ಬಲ್ಬ್ 21 ವ್ಯಾಟಿನದು, ತಣ್ಣಗಿದ್ದಾಗ ಅದರ ತಂತಿಯ ತಡೆ ಬಹಳ ಕಡಿಮೆ, ಅದರ ಮೂಲಕ ಹರಿದ ಕರೆಂಟಿನಿಂದಲೇ ಸಣ್ಣ ಟೆಸ್ಟ್ ಲ್ಯಾಂಪ್ ಚೆನ್ನಾಗಿ ಉರಿಯುತ್ತದೆ. ಆದ್ದರಿಂದ ರಿವರ್ಸ್ ಬಲ್ಬುಗಳನ್ನು ತೆಗೆಸಿದೆ. ಲ್ಯಾಂಪ್ ಹಾಗೇ ಉರಿಯುತ್ತಿತ್ತು. ಈಗ ಶಾರ್ಟ್ ಖಚಿತ. ಗೇರ್‌ಬಾಕ್ಸ್ ಮೇಲಿನ ರಿವರ್ಸ್ ಸ್ವಿಚ್ಚಿನ ಕನೆಕ್ಟರ್ ಕಳಚಿದಾಗ ಆರಿತು. ಫ್ಯೂಸಿನಿಂದ ಸ್ವಿಚ್ಚಿನವರೆಗಿನ ವೈರ್ ಸರಿಯಿದೆ ಎಂದಾಯಿತು. ಅದನ್ನು ಮರಳಿ ಹಾಕಿ ಡಿಕ್ಕಿಯ ಬಳಿಯ ಕನೆಕ್ಟರ್ ಕಳಚಿದೆ. ಲ್ಯಾಂಪ್ ಆರಲಿಲ್ಲ. ಎಂದರೆ ತೊಂದರೆ ಡಿಕ್ಕಿಯ ಆಚೆ ಇಲ್ಲ, ಸ್ವಿಚ್ಚಿಗೂ ಡಿಕ್ಕಿಗೂ ನಡುವೆ ಇದೆ.

ಉಳಿದದ್ದು ಬಾಗಿಲಿನ ಹೊಸ್ತಿಲ ಉದ್ದಕ್ಕೂ ಕಾರ್ಪೆಟ್ಟಿನ ಕೆಳಗೆ ಓಡುವ ವೈರಿನ ಕಟ್ಟು. ಆ ಹೊಸ್ತಿಲಿಗೆ ಹೊರಗಿನ ಅಂಗಡಿಯಲ್ಲಿ ಸ್ಟೀಲ್ ಪಟ್ಟಿ ಹೊಡೆಸಿದ್ದರು. ಒಬ್ಬ ಹುಡುಗನನ್ನು ಲ್ಯಾಂಪಿನ ಮುಂದೆ ಕೂರಿಸಿ ಪಟ್ಟಿಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದೆ. ಹಿಂದಿನ ಬಾಗಿಲಿನ ಬಳಿಯ ಸ್ಕ್ರೂ ಸಡಿಲವಾದಾಗ ಹುಡುಗ ‘ಆರ್ತು ಅಣ್ಣಾ’ ಎಂದು ಕೂಗಿದ. ಸ್ಕ್ರೂವಿನ ತುದಿ ರಿವರ್ಸ್ ವೈರಿನ ಸಿಪ್ಪೆ ಹರಿದು ತಾಮ್ರವನ್ನು ಬಾಡಿಗೆ ಮುಟ್ಟಿಸಿತ್ತು. ಆ ಭಾಗ ಕತ್ತರಿಸಿ ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಕಟ್ಟನ್ನು ಪಕ್ಕಕ್ಕೆ ಸರಿಸಿ ಕಟ್ಟಿ, ಗಿಡ್ಡ ಸ್ಕ್ರೂ ಹಾಕಿ, ಬಲ್ಬುಗಳನ್ನೂ 15ರ ಫ್ಯೂಸನ್ನೂ ಕೂರಿಸಿದೆವು.

7. ಸೂಜಿ ಹೋಗಬಾರದ ಕಡೆ

ಏರ್‌ಬ್ಯಾಗಿನ ಲೈನಿಗೆ ಟೆಸ್ಟ್ ಲ್ಯಾಂಪ್ ತಾಗಿಸಲೇಬೇಡಿ. ಹಳದಿ ಕನೆಕ್ಟರ್, ‘ಎಸ್ಆರ್‌ಎಸ್’ ಎಂಬ ಬರಹ ಕಂಡರೆ ಕೈ ಹಿಂದೆ ತೆಗೆಯಿರಿ. ಬಲ್ಬಿನ ಮೂಲಕ ಹರಿಯುವ ಕರೆಂಟಿಗೇ ಏರ್‌ಬ್ಯಾಗ್ ಸಿಡಿಯಬಹುದು. ಎಂಜಿನ್ ಕಂಪ್ಯೂಟರಿನ ಸೆನ್ಸರ್ ವೈರುಗಳಲ್ಲಿ ಇರುವುದು ಹೆಚ್ಚಾಗಿ 5 ವೋಲ್ಟ್. ಅಲ್ಲಿ ಬಲ್ಬ್ ಹಿಡಿದರೆ ಅದು ಎಳೆಯುವ ಕರೆಂಟಿನಿಂದ ಕಂಪ್ಯೂಟರಿಗೆ ಹಾನಿ. ಅಲ್ಲಿಗೆ ಮಲ್ಟಿಮೀಟರ್ ಬೇಕು.

ಹೊಸ ಕಾರುಗಳಲ್ಲಿ ನಕ್ಷೆಯೇ ಬೇರೆ ಥರ. ಇಂಡಿಕೇಟರಿಗೆಂದು ಫ್ಯೂಸ್ ಹುಡುಕಿದರೆ ಸಿಗದೆ, ‘ಬಿಸಿಎಂ’ ಎಂಬ ಹೆಸರು ಮಾತ್ರ ಸಿಗಬಹುದು. ಫ್ಯೂಸ್ ಆ ಕಂಪ್ಯೂಟರ್ ಪೆಟ್ಟಿಗೆಗೆ ಕರೆಂಟ್ ಕೊಡುತ್ತದೆ, ಪೆಟ್ಟಿಗೆ ಬಲ್ಬಿಗೆ ಕೊಡುತ್ತದೆ. ಲೈನ್ ಶಾರ್ಟ್ ಆದರೆ ಫ್ಯೂಸ್ ಹೋಗುವ ಮೊದಲೇ ಪೆಟ್ಟಿಗೆ ಆ ಲೈನನ್ನು ತಾನೇ ನಿಲ್ಲಿಸಬಹುದು. ಅಂಥ ಕಾರಿನಲ್ಲಿ ಫ್ಯೂಸಿನ ಎರಡೂ ಚುಕ್ಕೆ ಉರಿದು ಬಲ್ಬ್ ಮಾತ್ರ ಉರಿಯದಿದ್ದರೆ ಟೆಸ್ಟ್ ಲ್ಯಾಂಪನ್ನು ಕೆಳಗಿಟ್ಟು ಸ್ಕ್ಯಾನರ್ ಹಚ್ಚಿ, ಪೆಟ್ಟಿಗೆ ಯಾವ ದೋಷ ಬರೆದುಕೊಂಡಿದೆ ಎಂದು ಓದಿ.